ಬಾಕಿ ಖರ್ಚು, ಮುಂಗಡ ಖರ್ಚು, ಮುಂಗಡ ಆದಾಯ: ವರ್ಷದ ಕೊನೆಯ ಹೊಂದಾಣಿಕೆ ಮಾಡುವುದು ಹೀಗೆ

ಟ್ರಯಲ್ ಬ್ಯಾಲೆನ್ಸ್‌ನ ಎರಡೂ ಬದಿ ತಾಳೆಯಾದ ಕೂಡಲೇ ಲಾಭ-ನಷ್ಟ ಖಾತೆ ಬರೆಯಲು ಹೊರಡಬೇಡಿ. ಅದರಲ್ಲಿರುವ ಸಂಬಳ, ವಿಮೆ, ಬಾಡಿಗೆಯ ಅಂಕಿಗಳು ವರ್ಷದಲ್ಲಿ ಎಷ್ಟು ಹಣ ಹೋಯಿತು, ಎಷ್ಟು ಬಂತು ಅನ್ನುವುದನ್ನಷ್ಟೇ ಹೇಳುತ್ತವೆ. ಆ ಹಣ ಯಾವ ತಿಂಗಳುಗಳಿಗೆ ಸೇರಿದ್ದು ಅನ್ನುವುದನ್ನು ಹೇಳುವುದಿಲ್ಲ. ಮಾರ್ಚ್ ಸಂಬಳವನ್ನು ಏಪ್ರಿಲ್‌ನಲ್ಲಿ ಕೊಟ್ಟರೆ ಅದು ಈ ವರ್ಷದ ಪುಸ್ತಕದಲ್ಲಿ ಇರುವುದೇ ಇಲ್ಲ. ಆದರೆ ಕೆಲಸ ನಡೆದದ್ದು ಈ ವರ್ಷವೇ ಅಲ್ವಾ? ಹಾಗೇ, ಮುಂದಿನ ಜುಲೈವರೆಗಿನ ವಿಮೆಗೆ ಈಗಲೇ ಹಣ ಕಟ್ಟಿದ್ದರೆ ಅಷ್ಟೂ ಈ ವರ್ಷದ ಖರ್ಚಲ್ಲ.

ಈ ಲೇಖನದಲ್ಲಿ ಒಬ್ಬ ಸಣ್ಣ ವ್ಯಾಪಾರಿಯ ಲೆಕ್ಕವನ್ನು ಇಟ್ಟುಕೊಂಡು ಈ ಹೊಂದಾಣಿಕೆಗಳನ್ನು ಮೊದಲಿಂದ ಕೊನೆವರೆಗೆ ಮಾಡೋಣ. ಡೆಬಿಟ್, ಕ್ರೆಡಿಟ್, ಜರ್ನಲ್ ನಮೂದು ಇವುಗಳ ಪರಿಚಯ ನಿಮಗೆ ಇದೆ ಎಂದುಕೊಂಡಿದ್ದೇನೆ. ಸವಕಳಿ, ವಸೂಲಾಗದ ಸಾಲ ಇಂಥವನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಮೂರು ಹೊಂದಾಣಿಕೆಗಳು ಮಾತ್ರ ಕಣ್ಣಿಗೆ ಸ್ಪಷ್ಟವಾಗಿ ಕಾಣಲಿ ಅಂತ.

## ನಮ್ಮ ಮುಂದಿರುವ ಲೆಕ್ಕ

ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಹೊಂದಾಣಿಕೆಗೆ ಮುಂಚಿನ ಟ್ರಯಲ್ ಬ್ಯಾಲೆನ್ಸ್ ಹೀಗಿದೆ:

| ವಿವರ | ಡೆಬಿಟ್ | ಕ್ರೆಡಿಟ್ |
|---|---|---|
| ಆರಂಭದ ಸರಕು | 70,000 | |
| ಖರೀದಿ | 4,20,000 | |
| ಕೂಲಿ | 1,48,000 | |
| ಸಂಬಳ | 95,000 | |
| ವಿಮೆ | 7,200 | |
| ಅಂಗಡಿ ಬಾಡಿಗೆ | 60,000 | |
| ಪೀಠೋಪಕರಣ | 90,000 | |
| ಗಿರಾಕಿಗಳಿಂದ ಬರಬೇಕಾದದ್ದು | 85,000 | |
| ನಗದು ಮತ್ತು ಬ್ಯಾಂಕ್ | 63,800 | |
| ಮಾಲೀಕರು ಸ್ವಂತಕ್ಕೆ ತೆಗೆದದ್ದು | 48,000 | |
| ಮಾರಾಟ | | 8,20,000 |
| ಬಂದ ಬಾಡಿಗೆ | | 9,000 |
| ಸರಕು ಕೊಟ್ಟವರಿಗೆ ಕೊಡಬೇಕಾದದ್ದು | | 61,000 |
| ಬಾಕಿ ಸಂಬಳ | | 7,000 |
| ಬಂಡವಾಳ | | 1,90,000 |
| ಒಟ್ಟು | 10,87,000 | 10,87,000 |

ಮಾರ್ಚ್ 31ರಂದು ಉಳಿದ ಸರಕಿನ ಬೆಲೆ 75,000.

ಈ ಪಟ್ಟಿಯಲ್ಲಿ ಒಂದು ಸಾಲನ್ನು ಈಗಲೇ ಗುರುತು ಹಾಕಿಟ್ಟುಕೊಳ್ಳಿ: ಬಾಕಿ ಸಂಬಳ 7,000, ಕ್ರೆಡಿಟ್ ಬದಿಯಲ್ಲಿ. ನಾವಿನ್ನೂ ಒಂದು ಹೊಂದಾಣಿಕೆಯನ್ನೂ ಮಾಡಿಲ್ಲ. ಹಾಗಾದರೆ ಬಾಕಿ ಸಂಬಳ ಅನ್ನುವ ಖಾತೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಸ್ವಲ್ಪ ಮುಂದೆ ಬರುತ್ತದೆ. ಇಡೀ ಲೆಕ್ಕದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

## ಮೊದಲು ಪುಸ್ತಕ ಬಿಟ್ಟು ಕಾಗದಗಳನ್ನು ನೋಡಿ

ಪರೀಕ್ಷೆಯಲ್ಲಾದರೆ ಹೊಂದಾಣಿಕೆಗಳನ್ನು ಪ್ರಶ್ನೆಯ ಕೆಳಗೆ ಬರೆದುಕೊಟ್ಟಿರುತ್ತಾರೆ. ನಿಜವಾದ ವ್ಯಾಪಾರದಲ್ಲಿ ನೀವೇ ಹುಡುಕಬೇಕು. ಲೆಡ್ಜರನ್ನು ಎಷ್ಟು ದಿಟ್ಟಿಸಿ ನೋಡಿದರೂ ಪ್ರಯೋಜನವಿಲ್ಲ, ಯಾಕೆಂದರೆ ಕೊಡದೇ ಇರುವ ಖರ್ಚು ಲೆಡ್ಜರಿನಲ್ಲಿ ಇರುವುದಿಲ್ಲ.

ಬಾಕಿ ಖರ್ಚು ಸಿಗುವುದು ವರ್ಷ ಮುಗಿದ ಮೇಲಿನ ಪಾವತಿಗಳಲ್ಲಿ. ಏಪ್ರಿಲ್ ಮತ್ತು ಮೇ ತಿಂಗಳ ಕ್ಯಾಶ್ ಬುಕ್ ತೆಗೆಯಿರಿ. ಪ್ರತಿ ಪಾವತಿಯ ವೋಚರ್ ನೋಡಿ, ಇದು ಯಾವ ಅವಧಿಯ ಕೆಲಸಕ್ಕೆ ಅಂತ ಕೇಳಿಕೊಳ್ಳಿ. ಮಾರ್ಚ್ 31ರ ಒಳಗಿನ ಕೆಲಸಕ್ಕಾದರೆ ಬದಿಗೆ ಬರೆದಿಡಿ. ಇನ್ನೊಂದು ದಾರಿಯೂ ಇದೆ. ತಿಂಗಳು ತಿಂಗಳು ಬರುವ ಪ್ರತಿ ಖರ್ಚಿಗೆ ಲೆಡ್ಜರಿನಲ್ಲಿ ಎಷ್ಟು ಪಾವತಿ ಬಿದ್ದಿವೆ ಎಂದು ಎಣಿಸಿ. ಅಂಗಡಿ ಬಾಡಿಗೆ ತಿಂಗಳಿಗೆ 5,000. ಲೆಡ್ಜರಿನಲ್ಲಿ 12 ಪಾವತಿ, 60,000 ಇದೆ. ರಸೀದಿಗಳಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂದೇ ಇದೆ. ಅಲ್ಲಿಗೆ ಬಾಡಿಗೆಯ ಕೆಲಸ ಮುಗಿಯಿತು. ಎಣಿಕೆ ಒಂದೇ ಸಾಲದು, ರಸೀದಿಯ ತಿಂಗಳುಗಳನ್ನೂ ನೋಡಬೇಕು ಅನ್ನುವುದನ್ನು ಮರೆಯಬೇಡಿ.

ಮುಂಗಡ ಖರ್ಚು ಸಿಗುವುದು ವಿಮಾ ಪಾಲಿಸಿ, ವಾರ್ಷಿಕ ಚಂದಾ, ಲೈಸೆನ್ಸ್ ಶುಲ್ಕ, ರಿಪೇರಿ ಒಪ್ಪಂದ ಇಂಥ ಕಾಗದಗಳಲ್ಲಿ. ಯಾವುದರಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ಬರೆದಿದೆಯೋ ಅದನ್ನೆಲ್ಲ ತೆಗೆದಿಡಿ. ಹಣ ಕಟ್ಟಿದ ದಿನ ಇಲ್ಲಿ ಮುಖ್ಯವಲ್ಲ. ಜುಲೈ 20ಕ್ಕೆ ಹಣ ಕಟ್ಟಿ ಪಾಲಿಸಿ ಆಗಸ್ಟ್ 1ಕ್ಕೆ ಶುರುವಾದರೆ ಲೆಕ್ಕ ಹಿಡಿಯಬೇಕಾದದ್ದು ಆಗಸ್ಟ್ 1ರಿಂದ.

ವಿದ್ಯುತ್ ಬಿಲ್ ಒಂಥರಾ ಕಿರಿಕಿರಿಯದು. ಬಿಲ್ಲಿನ ಅವಧಿ ತಿಂಗಳ ಮಧ್ಯದಿಂದ ಮಧ್ಯಕ್ಕೆ ಇರಬಹುದು. ಮಾರ್ಚ್ 15ರಿಂದ ಏಪ್ರಿಲ್ 14ರವರೆಗಿನ 31 ದಿನಕ್ಕೆ 1,860 ಬಂದಿದೆ ಎಂದುಕೊಳ್ಳಿ. ಅದರಲ್ಲಿ ಮಾರ್ಚ್ 15ರಿಂದ 31ರವರೆಗೆ 17 ದಿನ. ದಿನಕ್ಕೆ 60ರಂತೆ 1,020 ಈ ವರ್ಷದ ಬಾಕಿ, ಉಳಿದ 840 ಮುಂದಿನ ವರ್ಷದ್ದು. ಬಿಲ್ ಇನ್ನೂ ಬಂದಿಲ್ಲದಿದ್ದರೆ ಹಿಂದಿನ ಬಿಲ್ಲಿನ ಆಧಾರದ ಮೇಲೆ ಅಂದಾಜು ಹಾಕಬಹುದು. ಅಂದಾಜು ಸ್ವಲ್ಪ ಆಚೀಚೆ ಆದರೆ ಆಗುವ ತೊಂದರೆಗಿಂತ ಪೂರ್ತಿ ಬಿಟ್ಟುಬಿಟ್ಟರೆ ಆಗುವ ತೊಂದರೆ ದೊಡ್ಡದು.

ನಮ್ಮ ವ್ಯಾಪಾರಿಯ ಕಾಗದಗಳಲ್ಲಿ ಸಿಕ್ಕಿದ್ದು ನಾಲ್ಕು ವಿಷಯ. ಮಾರ್ಚ್ ಕೊನೆಯ ನಾಲ್ಕು ದಿನದ ಕೂಲಿ, ದಿನಕ್ಕೆ 500ರಂತೆ 2,000, ಕೊಟ್ಟಿಲ್ಲ. ಆಗಸ್ಟ್ 1ಕ್ಕೆ ಮೊದಲ ಬಾರಿಗೆ ಒಂದು ವರ್ಷದ ವಿಮೆ ಮಾಡಿಸಿದ್ದಾರೆ, ಪ್ರೀಮಿಯಂ 7,200. ಜನವರಿ 1ರಿಂದ ಕಟ್ಟಡದ ಒಂದು ಭಾಗವನ್ನು ಒಳಬಾಡಿಗೆಗೆ ಕೊಟ್ಟು ಆರು ತಿಂಗಳ ಬಾಡಿಗೆ 9,000ವನ್ನು ಒಟ್ಟಿಗೇ ತೆಗೆದುಕೊಂಡಿದ್ದಾರೆ. ಮಾರ್ಚ್ ತಿಂಗಳ ಸಂಬಳ 8,000 ಏಪ್ರಿಲ್ 5ಕ್ಕೆ ಕೊಟ್ಟಿದ್ದಾರೆ.

## ಕೂಲಿ: ಎರಡು ಕಡೆ ಬರೆಯುವುದು

ಸುಲಭದ್ದರಿಂದ ಶುರು ಮಾಡೋಣ. ಹೋದ ವರ್ಷ ಮಾರ್ಚ್ ಕೊನೆಗೇ ಕೂಲಿಯನ್ನೆಲ್ಲ ಚುಕ್ತಾ ಮಾಡಿದ್ದರು, ಹಾಗಾಗಿ ಹಳೆಯ ಬಾಕಿ ಏನೂ ಇಲ್ಲ. ಈ ವರ್ಷದ 2,000 ಮಾತ್ರ ಸೇರಿಸಬೇಕು. ಮಾರ್ಚ್ 31ರ ದಿನಾಂಕ ಹಾಕಿ ಜರ್ನಲ್‌ನಲ್ಲಿ ಬರೆಯುವುದು ಇಷ್ಟು:

ಕೂಲಿ ಖಾತೆ ಡೆಬಿಟ್ 2,000. ಬಾಕಿ ಕೂಲಿ ಖಾತೆಗೆ ಕ್ರೆಡಿಟ್ 2,000.

ಕೂಲಿ 1,48,000 ಇದ್ದದ್ದು 1,50,000 ಆಯಿತು. ಕೆಲಸಗಾರರಿಗೆ ಕೊಡಬೇಕಾದ 2,000 ಬ್ಯಾಲೆನ್ಸ್ ಶೀಟ್‌ನ ಹೊಣೆಗಳ ಬದಿಗೆ ಹೋಯಿತು. ಹೊಂದಾಣಿಕೆ ಯಾವುದೇ ಇರಲಿ, ಹೀಗೆ ಎರಡು ಕಡೆ ಕಾಣಿಸಿಕೊಳ್ಳಲೇಬೇಕು. ಒಮ್ಮೆ ಖರ್ಚು ಅಥವಾ ಆದಾಯದ ಅಂಕಿಯಲ್ಲಿ, ಇನ್ನೊಮ್ಮೆ ಬ್ಯಾಲೆನ್ಸ್ ಶೀಟ್‌ನಲ್ಲಿ.

ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯ, ಕೂಲಿ ಹೋಗುವುದು ವ್ಯಾಪಾರ ಖಾತೆಗೆ. ಹಾಗಾಗಿ ಅದರ ಬಾಕಿಯೂ ಅಲ್ಲಿಗೇ ಹೋಗಬೇಕು. ಕೆಲವರು ಮೂಲ ಕೂಲಿಯನ್ನು ವ್ಯಾಪಾರ ಖಾತೆಯಲ್ಲಿ ಹಾಕಿ, ಬಾಕಿ ಕೂಲಿಯನ್ನು ಲಾಭ-ನಷ್ಟ ಖಾತೆಯಲ್ಲಿ ಪ್ರತ್ಯೇಕ ಸಾಲು ಮಾಡಿ ಬರೆಯುತ್ತಾರೆ. ನಿವ್ವಳ ಲಾಭ ಅಷ್ಟೇ ಬರುತ್ತದೆ, ಆದರೆ ಒಟ್ಟು ಲಾಭ 2,000 ಜಾಸ್ತಿ ಕಾಣಿಸುತ್ತದೆ. ಹೋದ ವರ್ಷದ ಒಟ್ಟು ಲಾಭದ ಜೊತೆ ಹೋಲಿಸಲು ಕೂತಾಗ ಅದು ದಾರಿ ತಪ್ಪಿಸುತ್ತದೆ. ಖರ್ಚಿನ ಬಾಕಿ ಆ ಖರ್ಚಿನ ಜೊತೆಗೇ ಇರಲಿ.

## ವಿಮೆ: ತಿಂಗಳುಗಳನ್ನು ಎಣಿಸುವುದು

7,200 ಪ್ರೀಮಿಯಂ ಆಗಸ್ಟ್ 1ರಿಂದ ಮುಂದಿನ ಜುಲೈ 31ರವರೆಗಿನ 12 ತಿಂಗಳಿಗೆ. ತಿಂಗಳಿಗೆ 600. ಆಗಸ್ಟ್‌ನಿಂದ ಮಾರ್ಚ್‌ವರೆಗೆ ಎಂಟು ತಿಂಗಳು, 4,800. ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳು, 2,400. ಈ 2,400 ಮುಂಗಡ.

ನನ್ನ ಸಲಹೆ ಏನೆಂದರೆ ಎರಡೂ ಭಾಗವನ್ನು ಬೇರೆ ಬೇರೆ ಎಣಿಸಿ, ಆಮೇಲೆ ಕೂಡಿಸಿ ನೋಡಿ. ಮುಂಗಡವನ್ನು ಮಾತ್ರ ಎಣಿಸಿ ಉಳಿದದ್ದನ್ನು ಕಳೆದು ಪಡೆದರೆ, ಒಂದು ತಿಂಗಳು ತಪ್ಪಿದ್ದರೂ ಗೊತ್ತಾಗುವುದಿಲ್ಲ. 8 ಮತ್ತು 4 ಸೇರಿ 12 ಆಗದಿದ್ದರೆ ಎಲ್ಲೋ ಎಣಿಕೆ ಕೆಟ್ಟಿದೆ. ಪಾಲಿಸಿ ತಿಂಗಳ ನಡುವೆ ಶುರುವಾಗಿದ್ದರೆ ದಿನಗಳ ಲೆಕ್ಕ ಹಿಡಿಯುವುದು ವಾಸಿ.

ಜರ್ನಲ್ ನಮೂದು: ಮುಂಗಡ ವಿಮೆ ಖಾತೆ ಡೆಬಿಟ್ 2,400, ವಿಮೆ ಖಾತೆಗೆ ಕ್ರೆಡಿಟ್ 2,400.

ಲಾಭ-ನಷ್ಟ ಖಾತೆಗೆ 4,800 ಮಾತ್ರ ಹೋಗುತ್ತದೆ. 2,400 ಆಸ್ತಿಗಳ ಬದಿಗೆ ಹೋಗುತ್ತದೆ. ಖರ್ಚು ಮಾಡಿಬಿಟ್ಟ ಹಣ ಆಸ್ತಿ ಹೇಗಾಗುತ್ತದೆ ಎಂದು ಹೊಸಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮಾರ್ಚ್ 31ರಂದು ಇನ್ನೂ ನಾಲ್ಕು ತಿಂಗಳ ರಕ್ಷಣೆ ವ್ಯಾಪಾರಿಗೆ ಬರಬೇಕಿದೆ, ಅದಕ್ಕೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಆ ಹಕ್ಕಿಗೆ ಬೆಲೆ ಇದೆ. ಅದಕ್ಕೇ ಅದು ಆಸ್ತಿ.

ಒಂದು ಎಚ್ಚರಿಕೆ. ವಿಮೆ ಖಾತೆಯಲ್ಲಿ ಮಾಲೀಕರ ಸ್ವಂತ ಜೀವವಿಮೆಯ ಕಂತೂ ಸೇರಿಕೊಂಡಿರುವುದು ಉಂಟು. ಹಾಗಿದ್ದರೆ ಮೊದಲು ಅದನ್ನು ಅಲ್ಲಿಂದ ತೆಗೆದು ಸ್ವಂತಕ್ಕೆ ತೆಗೆದ ಹಣದ ಖಾತೆಗೆ ಹಾಕಿ. ಅದು ವ್ಯಾಪಾರದ ಖರ್ಚೇ ಅಲ್ಲ. ಉಳಿದದ್ದರ ಮೇಲೆ ಮಾತ್ರ ಮುಂಗಡದ ಲೆಕ್ಕ ಹಾಕಿ.

## ಬಾಡಿಗೆ: ಬಂದ ಹಣವೆಲ್ಲ ಆದಾಯವಲ್ಲ

ಜನವರಿ 1ರಿಂದ ಜೂನ್ 30ರವರೆಗಿನ ಆರು ತಿಂಗಳಿಗೆ 9,000 ಬಂದಿದೆ. ತಿಂಗಳಿಗೆ 1,500. ಜನವರಿ, ಫೆಬ್ರವರಿ, ಮಾರ್ಚ್ ಸೇರಿ 4,500 ಈ ವರ್ಷದ ಆದಾಯ. ಉಳಿದ 4,500ಕ್ಕೆ ವ್ಯಾಪಾರಿ ಇನ್ನೂ ಏನನ್ನೂ ಕೊಟ್ಟಿಲ್ಲ. ಇನ್ನು ಮೂರು ತಿಂಗಳು ಜಾಗ ಬಿಟ್ಟುಕೊಡಬೇಕಾದ ಋಣ ಅವರ ಮೇಲಿದೆ. ಬಾಡಿಗೆದಾರ ಏಪ್ರಿಲ್ 1ಕ್ಕೇ ಬಿಟ್ಟುಹೋದರೆ ಆ ಹಣವನ್ನು ವಾಪಸ್ ಕೇಳುತ್ತಾನೆ. ಹಾಗಾಗಿ ಅದು ಹೊಣೆ.

ಜರ್ನಲ್ ನಮೂದು: ಬಂದ ಬಾಡಿಗೆ ಖಾತೆ ಡೆಬಿಟ್ 4,500, ಮುಂಗಡವಾಗಿ ಬಂದ ಬಾಡಿಗೆ ಖಾತೆಗೆ ಕ್ರೆಡಿಟ್ 4,500.

ಬಾಡಿಗೆದಾರ ಕೊಟ್ಟ ಭದ್ರತಾ ಠೇವಣಿಯನ್ನು ಇದರ ಜೊತೆ ಕಲಸಬೇಡಿ. ಠೇವಣಿ ಮುಂದೆ ಯಾವತ್ತೋ ಆದಾಯವಾಗುವ ಹಣವಲ್ಲ, ಹಿಂತಿರುಗಿಸಬೇಕಾದ ಹಣ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಖಾತೆ ಇರಬೇಕು. ಠೇವಣಿಯನ್ನೂ ಬಂದ ಬಾಡಿಗೆಗೆ ಸೇರಿಸಿ ಬರೆದಿದ್ದರೆ ತಿಂಗಳುಗಳ ಲೆಕ್ಕ ಹಾಕುವ ಮುಂಚೆ ಅದನ್ನು ಬೇರ್ಪಡಿಸಿ.

## ಸಂಬಳ: ಹಳೆಯ ಬಾಕಿಯ ಬಲೆ

ಈಗ ಗುರುತು ಹಾಕಿಟ್ಟ ಆ 7,000ಕ್ಕೆ ಬರೋಣ.

ಹೋದ ವರ್ಷ ಸಂಬಳ ತಿಂಗಳಿಗೆ 7,000 ಇತ್ತು. ಈ ಏಪ್ರಿಲ್‌ನಿಂದ 8,000 ಆಗಿದೆ. ಪ್ರತಿ ತಿಂಗಳ ಸಂಬಳವನ್ನು ಮುಂದಿನ ತಿಂಗಳ 5ಕ್ಕೆ ಕೊಡುವುದು ರೂಢಿ. ಹೋದ ಮಾರ್ಚ್‌ನ ಸಂಬಳ 7,000 ಹೋದ ವರ್ಷದ ಕೊನೆಗೆ ಬಾಕಿ ಇತ್ತು. ಆಗಿನ ಲೆಕ್ಕದಲ್ಲಿ ಅದನ್ನು ಸರಿಯಾಗಿಯೇ ಹೊಣೆ ಎಂದು ತೋರಿಸಿದ್ದರು. ಆ ಖಾತೆಯ ಶಿಲ್ಕು ಈ ವರ್ಷದ ಪುಸ್ತಕಕ್ಕೆ ಬಂದಿದೆ. ಏಪ್ರಿಲ್ 5ಕ್ಕೆ ಆ 7,000 ಕೊಟ್ಟಾಗ, ಪುಸ್ತಕ ಬರೆಯುವವರು ಎಂದಿನಂತೆ ಸಂಬಳ ಖಾತೆಗೆ ಡೆಬಿಟ್ ಮಾಡಿದರು. ಆಮೇಲೆ ಏಪ್ರಿಲ್‌ನಿಂದ ಫೆಬ್ರವರಿವರೆಗಿನ 11 ತಿಂಗಳ ಸಂಬಳ, 8,000ದಂತೆ 88,000 ಕೊಟ್ಟರು. ಹೀಗೆ ಸಂಬಳ ಖಾತೆಯಲ್ಲಿ 95,000 ಆಯಿತು. ಹಳೆಯ ಬಾಕಿ 7,000 ತೀರಿಹೋಗಿದ್ದರೂ ಅದರ ಖಾತೆಯನ್ನು ಯಾರೂ ಮುಟ್ಟದೆ ಅದು ಹಾಗೇ ಉಳಿದುಕೊಂಡಿದೆ.

ಈಗ ಮಾರ್ಚ್ 31ಕ್ಕೆ ಹೊಂದಾಣಿಕೆ ಮಾಡಲು ಕೂತವರು ಕೂಲಿಯ ಹಾಗೇ ಇದೂ ಅಂದುಕೊಂಡು ಸಂಬಳಕ್ಕೆ 8,000 ಸೇರಿಸುತ್ತಾರೆ. ಸಂಬಳ 1,03,000 ಆಗುತ್ತದೆ. ಬಾಕಿ ಸಂಬಳ ಖಾತೆಯಲ್ಲಿ ಹಳೆಯ 7,000, ಹೊಸ 8,000 ಸೇರಿ 15,000 ಆಗುತ್ತದೆ. ಎರಡೂ ತಪ್ಪು. ಬ್ಯಾಲೆನ್ಸ್ ಶೀಟ್ ಮಾತ್ರ ಪೈಸೆ ಪೈಸೆಗೆ ತಾಳೆಯಾಗುತ್ತದೆ! ಲಾಭ 7,000 ಕಡಿಮೆ, ಹೊಣೆ 7,000 ಜಾಸ್ತಿ. ಎರಡೂ ಒಂದೇ ಬದಿಯಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಈ ತಪ್ಪನ್ನು ಬ್ಯಾಲೆನ್ಸ್ ಶೀಟ್ ಯಾವತ್ತೂ ಹಿಡಿದುಕೊಡುವುದಿಲ್ಲ. ನೀವೇ ಹಿಡಿಯಬೇಕು.

ಸರಿ ಮಾಡಲು ಎರಡು ನಮೂದು ಬೇಕು. ಮೊದಲನೆಯದು ಹಳೆಯದನ್ನು ಮುಚ್ಚುವುದಕ್ಕೆ: ಬಾಕಿ ಸಂಬಳ ಖಾತೆ ಡೆಬಿಟ್ 7,000; ಸಂಬಳ ಖಾತೆಗೆ ಕ್ರೆಡಿಟ್ 7,000. ಎರಡನೆಯದು ಈ ಮಾರ್ಚ್‌ನದನ್ನು ಸೇರಿಸುವುದಕ್ಕೆ: ಸಂಬಳ ಖಾತೆ ಡೆಬಿಟ್ 8,000, ಬಾಕಿ ಸಂಬಳ ಖಾತೆಗೆ ಕ್ರೆಡಿಟ್ 8,000.

ಆಗ ಸಂಬಳ ಖಾತೆ ಹೀಗೆ ಕಾಣುತ್ತದೆ:

| ಡೆಬಿಟ್ | ಮೊತ್ತ | ಕ್ರೆಡಿಟ್ | ಮೊತ್ತ |
|---|---|---|---|
| ನಗದು (ವರ್ಷದಲ್ಲಿ ಕೊಟ್ಟದ್ದು) | 95,000 | ಬಾಕಿ ಸಂಬಳ (ಹೋದ ಮಾರ್ಚ್) | 7,000 |
| ಬಾಕಿ ಸಂಬಳ (ಈ ಮಾರ್ಚ್) | 8,000 | ಲಾಭ-ನಷ್ಟ ಖಾತೆಗೆ | 96,000 |
| ಒಟ್ಟು | 1,03,000 | ಒಟ್ಟು | 1,03,000 |

96,000 ಅಂದರೆ 8,000ದಂತೆ 12 ತಿಂಗಳು. ಬಾಕಿ ಸಂಬಳ ಖಾತೆಯಲ್ಲಿ ಉಳಿದದ್ದು ಒಂದು ತಿಂಗಳ 8,000. ಈ ಎರಡು ಪರೀಕ್ಷೆಗಳನ್ನು ಪ್ರತಿಸಲ ಮಾಡಿ. ಹೊಂದಾಣಿಕೆ ಆದ ಮೇಲಿನ ಖರ್ಚನ್ನು 12ರಿಂದ ಭಾಗಿಸಿ, ತಿಂಗಳ ದರ ಬರುತ್ತದೆಯೇ ನೋಡಿ. ತಪ್ಪಾಗಿ ಬಂದ 1,03,000ವನ್ನು ಭಾಗಿಸಿದ್ದರೆ ಸುಮಾರು 8,583 ಬರುತ್ತಿತ್ತು. ಅಂಥ ಸಂಬಳ ಯಾರಿಗೂ ಇಲ್ಲ. ಇನ್ನೊಂದು, ಹೊಣೆಗಳ ಬದಿಯಲ್ಲಿರುವ ಬಾಕಿಯನ್ನು ನೋಡಿ, ಅಷ್ಟನ್ನು ಯಾರಿಗೆ, ಯಾವ ತಿಂಗಳಿಗೆ ಕೊಡಬೇಕು ಎಂದು ಕೇಳಿ. 15,000ಕ್ಕೆ ಉತ್ತರ ಸಿಗುವುದಿಲ್ಲ.

ವರ್ಷದ ನಡುವೆ ಸಂಬಳ ಏರಿದ್ದರೆ ನೇರವಾಗಿ ಭಾಗಿಸಲು ಬರುವುದಿಲ್ಲ. ಹಳೆ ದರದ ತಿಂಗಳು, ಹೊಸ ದರದ ತಿಂಗಳು ಬೇರೆ ಬೇರೆ ಗುಣಿಸಿ ಕೂಡಿಸಿ ಹೋಲಿಸಬೇಕು.

ಇಲ್ಲಿ ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಮಾತು. ಪ್ರಶ್ನೆಪತ್ರಿಕೆಯ ಟ್ರಯಲ್ ಬ್ಯಾಲೆನ್ಸ್ ಒಳಗೇ ಬಾಕಿ ಸಂಬಳ ಎಂದು ಕೊಟ್ಟಿದ್ದು, ಕೆಳಗೆ ಅದರ ಬಗ್ಗೆ ಏನೂ ಹೇಳಿಲ್ಲದಿದ್ದರೆ, ಹೊಂದಾಣಿಕೆ ಆಗಲೇ ಆಗಿದೆ ಎಂದು ಅರ್ಥ. ಅದನ್ನು ಬ್ಯಾಲೆನ್ಸ್ ಶೀಟ್‌ನಲ್ಲಿ ಮಾತ್ರ ತೋರಿಸಬೇಕು, ಸಂಬಳಕ್ಕೆ ಮತ್ತೆ ಸೇರಿಸಬಾರದು. ಆದರೆ ನಿಜವಾದ ಪುಸ್ತಕದಲ್ಲಿ, ನೀವಿನ್ನೂ ಹೊಂದಾಣಿಕೆ ಮಾಡಿಲ್ಲದಿರುವಾಗ ಅಂಥ ಸಾಲು ಕಂಡರೆ ಅದು ಬಹುತೇಕ ಹೋದ ವರ್ಷದ್ದೇ. ಆ ಖಾತೆ ತೆರೆದು ನಮೂದಿನ ದಿನಾಂಕ ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಆರಂಭದ ಶಿಲ್ಕು ಎಂದಿದ್ದರೆ ಹಳೆಯದು, ಈ ಮಾರ್ಚ್ 31ರ ನಮೂದು ಇದ್ದರೆ ಹೊಸದು.

ವಿಮೆಗೂ ಬಾಡಿಗೆಗೂ ಇದೇ ವಿಚಾರ ಅನ್ವಯಿಸುತ್ತದೆ. ನಮ್ಮ ವ್ಯಾಪಾರಿಗೆ ಅವು ಈ ವರ್ಷವೇ ಶುರುವಾದದ್ದರಿಂದ ಹಳೆಯದರ ಕಾಟ ಇರಲಿಲ್ಲ. ಹಳೆಯದು ಇದ್ದರೆ ನೆನಪಿಗೆ ಹೀಗೆ ಬರೆದಿಟ್ಟುಕೊಳ್ಳಿ:

ಬಾಕಿ ಬೀಳುವ ಖರ್ಚು: ಕೊಟ್ಟದ್ದು − ಹೋದ ವರ್ಷದ ಬಾಕಿ + ಈ ವರ್ಷದ ಬಾಕಿ.

ಮುಂಗಡ ಕೊಡುವ ಖರ್ಚು: ಕೊಟ್ಟದ್ದು + ಹೋದ ವರ್ಷದ ಮುಂಗಡ − ಈ ವರ್ಷದ ಮುಂಗಡ.

ಮುಂಗಡ ಬರುವ ಆದಾಯ: ಬಂದದ್ದು + ಹೋದ ವರ್ಷದ ಮುಂಗಡ − ಈ ವರ್ಷದ ಮುಂಗಡ.

## ಎಲ್ಲ ಸೇರಿಸಿ ಅಂತಿಮ ಲೆಕ್ಕ

ವ್ಯಾಪಾರ ಖಾತೆಯಿಂದ ಶುರು ಮಾಡಿ. ಡೆಬಿಟ್ ಬದಿಗೆ ಆರಂಭದ ಸರಕು 70,000, ಖರೀದಿ 4,20,000, ಕೂಲಿ 1,50,000, ಒಟ್ಟು 6,40,000. ಕ್ರೆಡಿಟ್ ಬದಿಗೆ ಮಾರಾಟ 8,20,000, ಉಳಿದ ಸರಕು 75,000, ಒಟ್ಟು 8,95,000. ಒಟ್ಟು ಲಾಭ 2,55,000.

ಲಾಭ-ನಷ್ಟ ಖಾತೆಗೆ ಆ 2,55,000 ಮತ್ತು ಬಾಡಿಗೆ ಆದಾಯ 4,500 ಸೇರಿ 2,59,500 ಬಂತು. ಖರ್ಚುಗಳು ಸಂಬಳ 96,000, ವಿಮೆ 4,800, ಅಂಗಡಿ ಬಾಡಿಗೆ 60,000, ಒಟ್ಟು 1,60,800. ನಿವ್ವಳ ಲಾಭ 98,700.

ಹೊಂದಾಣಿಕೆ ಮಾಡದೆ ಟ್ರಯಲ್ ಬ್ಯಾಲೆನ್ಸ್ ಅಂಕಿಗಳನ್ನೇ ಸುಮ್ನೆ ಎತ್ತಿ ಹಾಕಿದ್ದರೆ ಲಾಭ 1,03,800 ಬರುತ್ತಿತ್ತು. 5,100ರ ವ್ಯತ್ಯಾಸ. ಅದು ಎಲ್ಲಿಂದ ಬಂತು ಅಂತ ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಕೂಲಿಯಿಂದ 2,000 ಕಡಿಮೆ, ಸಂಬಳದಿಂದ 1,000 ಕಡಿಮೆ, ಬಾಡಿಗೆಯಿಂದ 4,500 ಕಡಿಮೆ, ವಿಮೆಯಿಂದ 2,400 ಜಾಸ್ತಿ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಲೆಕ್ಕದ ಫೈಲಿಗೆ ಹಾಕಿಡಿ. ಲಾಭ ಯಾಕೆ ಹೀಗೆ ಬದಲಾಯಿತು ಎಂದು ವ್ಯಾಪಾರಿ ಕೇಳಿದರೆ ಉತ್ತರ ಅಲ್ಲೇ ಇರುತ್ತದೆ.

ಬ್ಯಾಲೆನ್ಸ್ ಶೀಟ್:

| ಬಂಡವಾಳ ಮತ್ತು ಹೊಣೆ | ಮೊತ್ತ | ಆಸ್ತಿ | ಮೊತ್ತ |
|---|---|---|---|
| ಬಂಡವಾಳ (1,90,000 + 98,700 − 48,000) | 2,40,700 | ಪೀಠೋಪಕರಣ | 90,000 |
| ಸರಕು ಕೊಟ್ಟವರಿಗೆ | 61,000 | ಉಳಿದ ಸರಕು | 75,000 |
| ಬಾಕಿ ಕೂಲಿ | 2,000 | ಗಿರಾಕಿಗಳಿಂದ | 85,000 |
| ಬಾಕಿ ಸಂಬಳ | 8,000 | ಮುಂಗಡ ವಿಮೆ | 2,400 |
| ಮುಂಗಡವಾಗಿ ಬಂದ ಬಾಡಿಗೆ | 4,500 | ನಗದು ಮತ್ತು ಬ್ಯಾಂಕ್ | 63,800 |
| ಒಟ್ಟು | 3,16,200 | ಒಟ್ಟು | 3,16,200 |

ನಗದಿನ ಅಂಕಿ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಇದ್ದಷ್ಟೇ ಇದೆ ನೋಡಿ. ಈ ಹೊಂದಾಣಿಕೆಗಳಲ್ಲಿ ಯಾವುದೂ ನಗದನ್ನು ಮುಟ್ಟುವುದಿಲ್ಲ. ನಿಮ್ಮ ಜರ್ನಲ್ ನಮೂದಿನಲ್ಲಿ ನಗದು ಅಥವಾ ಬ್ಯಾಂಕ್ ಖಾತೆ ಬಂದಿದ್ದರೆ ಅಲ್ಲೇ ನಿಲ್ಲಿಸಿ ಮತ್ತೆ ಯೋಚಿಸಿ.

## ತಾಳೆ ಆಗದಿದ್ದರೆ

ಬ್ಯಾಲೆನ್ಸ್ ಶೀಟ್‌ನ ಎರಡು ಬದಿಗಳ ವ್ಯತ್ಯಾಸವನ್ನೇ ಮೊದಲು ನೋಡಿ. ಅದು ಯಾವುದಾದರೂ ಹೊಂದಾಣಿಕೆಯ ಮೊತ್ತಕ್ಕೆ ಸರಿಯಾಗಿ ಸಮ ಇದ್ದರೆ, ಆ ಹೊಂದಾಣಿಕೆ ಒಂದೇ ಕಡೆ ಬಿದ್ದಿದೆ. ಉದಾಹರಣೆಗೆ ವಿಮೆಯಿಂದ 2,400 ಕಳೆದು, ಆಸ್ತಿಯಲ್ಲಿ ಬರೆಯಲು ಮರೆತರೆ ವ್ಯತ್ಯಾಸ 2,400.

ವ್ಯತ್ಯಾಸ ಆ ಮೊತ್ತದ ಎರಡರಷ್ಟಿದ್ದರೆ ತಪ್ಪು ಬದಿಗೆ ಹೋಗಿದೆ ಎಂದು ಶಂಕಿಸಿ. ಮುಂಗಡ ವಿಮೆಯನ್ನು ಆಸ್ತಿಯ ಬದಲು ಹೊಣೆಯಲ್ಲಿ ಬರೆದರೆ ಆಸ್ತಿ 2,400 ಕಡಿಮೆ, ಹೊಣೆ 2,400 ಜಾಸ್ತಿ, ಹಾಗಾಗಿ 4,800 ವ್ಯತ್ಯಾಸ. ಬಾಡಿಗೆಯಲ್ಲಿ ಈ ತಪ್ಪು ಜಾಸ್ತಿ. ಮುಂಗಡ ಅನ್ನುವ ಪದ ಕಂಡ ತಕ್ಷಣ ಕೈ ಆಸ್ತಿಯ ಕಡೆಗೆ ಹೋಗಿಬಿಡುತ್ತದೆ. ಕೊಟ್ಟ ಮುಂಗಡ ಆಸ್ತಿ, ಪಡೆದ ಮುಂಗಡ ಹೊಣೆ. ಬರೆಯುವ ಮುಂಚೆ ಕೊಟ್ಟದ್ದೋ ಪಡೆದದ್ದೋ ಅಂತ ಕೇಳಿಕೊಳ್ಳಿ.

ಆದರೆ ಒಂದು ಹೊಂದಾಣಿಕೆಯನ್ನೇ ಪೂರ್ತಿ ಬಿಟ್ಟಿದ್ದರೆ, ಅಥವಾ ನಾಲ್ಕು ತಿಂಗಳ ಬದಲು ಐದು ಎಣಿಸಿ ಎರಡೂ ಕಡೆ ಅದನ್ನೇ ಬರೆದಿದ್ದರೆ, ತಾಳೆಯಿಂದ ಏನೂ ತಿಳಿಯುವುದಿಲ್ಲ. ಹಳೆಯ ಬಾಕಿಯ ತಪ್ಪೂ ಇದೇ ಜಾತಿಯದು. ಇವನ್ನು ಹಿಡಿಯಲು 12ರ ಭಾಗಾಕಾರ ಮತ್ತು ಏಪ್ರಿಲ್‌ನ ವೋಚರ್‌ಗಳೇ ಗತಿ.

## ಏಪ್ರಿಲ್ 1ರ ಕೆಲಸ

ಸಂಬಳದ ಗೊಂದಲ ಹುಟ್ಟಿದ್ದೇ ಹೋದ ವರ್ಷದ ಬಾಕಿಯನ್ನು ಹೊಸ ವರ್ಷದ ಮೊದಲ ದಿನವೇ ತಿರುಗಿಸದೆ ಬಿಟ್ಟದ್ದರಿಂದ. ಈ ಸಲ ಹಾಗಾಗದಂತೆ ಏಪ್ರಿಲ್ 1ರ ದಿನಾಂಕದಲ್ಲಿ ನಾಲ್ಕು ನಮೂದು ಬರೆದುಬಿಡಿ. ಮಾರ್ಚ್ 31ಕ್ಕೆ ಬರೆದದ್ದನ್ನೇ ತಿರುವುಮುರುವು ಮಾಡುವುದು, ಅಷ್ಟೇ.

ಬಾಕಿ ಕೂಲಿ ಡೆಬಿಟ್, ಕೂಲಿಗೆ ಕ್ರೆಡಿಟ್ 2,000. ಬಾಕಿ ಸಂಬಳ ಡೆಬಿಟ್, ಸಂಬಳಕ್ಕೆ ಕ್ರೆಡಿಟ್ 8,000. ವಿಮೆ ಡೆಬಿಟ್, ಮುಂಗಡ ವಿಮೆಗೆ ಕ್ರೆಡಿಟ್ 2,400. ಮುಂಗಡವಾಗಿ ಬಂದ ಬಾಡಿಗೆ ಡೆಬಿಟ್, ಬಂದ ಬಾಡಿಗೆಗೆ ಕ್ರೆಡಿಟ್ 4,500.

ಸಂಬಳ ಖಾತೆ ಹೊಸ ವರ್ಷವನ್ನು 8,000 ಕ್ರೆಡಿಟ್‌ನೊಂದಿಗೆ ಶುರು ಮಾಡುತ್ತದೆ. ಖರ್ಚಿನ ಖಾತೆಯಲ್ಲಿ ಕ್ರೆಡಿಟ್ ಶಿಲ್ಕು ನೋಡಿ ಗಾಬರಿಯಾಗಬೇಡಿ. ಏಪ್ರಿಲ್ 5ಕ್ಕೆ ಮಾರ್ಚ್ ಸಂಬಳ ಕೊಟ್ಟು ಎಂದಿನಂತೆ ಡೆಬಿಟ್ ಮಾಡಿದಾಗ ಅದು ಸೊನ್ನೆಯಾಗುತ್ತದೆ. ಪುಸ್ತಕ ಬರೆಯುವವರು ಇದು ಹಳೆಯದೋ ಹೊಸದೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ವಿಮೆ ಆಗಸ್ಟ್ 1ಕ್ಕೆ 7,800ಕ್ಕೆ ನವೀಕರಣವಾಯಿತು ಎಂದುಕೊಳ್ಳಿ. ಖಾತೆಯಲ್ಲಿ 2,400 ಮತ್ತು 7,800 ಸೇರಿ 10,200 ಇರುತ್ತದೆ. ವರ್ಷದ ಕೊನೆಗೆ ಹೊಸ ಪಾಲಿಸಿಯ ನಾಲ್ಕು ತಿಂಗಳ 2,600 ಕಳೆದರೆ ಖರ್ಚು 7,600. ಹಳೆ ದರದ ನಾಲ್ಕು ತಿಂಗಳು 2,400, ಹೊಸ ದರದ ಎಂಟು ತಿಂಗಳು 5,200. ಕೂಡಿದರೆ ಅದೇ 7,600.

ಬಾಡಿಗೆದಾರ ಜುಲೈ 1ಕ್ಕೆ 9,000, ಮತ್ತೆ ಜನವರಿ 1ಕ್ಕೆ 9,000 ಕೊಟ್ಟರೆ, ತಿರುಗಿಸಿದ 4,500 ಸೇರಿ ಖಾತೆಯಲ್ಲಿ 22,500 ಇರುತ್ತದೆ. ಅದರಿಂದ ಮುಂದಿನ ಏಪ್ರಿಲ್–ಜೂನ್‌ನ 4,500 ಕಳೆಯಿರಿ. ಉಳಿಯುವುದು 18,000, ಅಂದರೆ 1,500ರಂತೆ 12 ತಿಂಗಳ ಬಾಡಿಗೆ.